ಹಸಿರು ಪದ, ಕೆಂಪು ಪದ

ಭಾಷಾ ಮಾದರಿಗಳು ಬರೆದ ಬರಹದಲ್ಲಿ ಕಣ್ಣಿಗೆ ಕಾಣದ ಗುರುತೊಂದನ್ನು ಇಡಬಹುದು ಎಂದಾಗ ಬಹಳ ಮಂದಿ ಊಹಿಸುವುದು ಅಕ್ಷರಗಳ ನಡುವೆ ಅಡಗಿಸಿಟ್ಟ ಅಗೋಚರ ಚಿಹ್ನೆಗಳನ್ನು. ಅಗಲವೇ ಇಲ್ಲದ ಅಂಥ ಚಿಹ್ನೆಗಳು ಯೂನಿಕೋಡ್‌ನಲ್ಲಿ ಇರುವುದು ನಿಜ. ಆದರೆ ಕನ್ನಡಕ್ಕೆ ಅವು ದಿನನಿತ್ಯವೂ ಬೇಕು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವ’ ಒತ್ತಕ್ಷರವಾಗಿ ಕೆಳಗೆ ಇಳಿಯದಂತೆ ತಡೆಯುವುದು ಅಂಥದೇ ಒಂದು ಚಿಹ್ನೆ. ಹಾಗಾಗಿ ಕನ್ನಡ ಬರಹವೊಂದರಲ್ಲಿ ಅಗೋಚರ ಚಿಹ್ನೆ ಸಿಕ್ಕಿತೆಂದು ಅದನ್ನು ಯಂತ್ರ ಬರೆದದ್ದು ಎಂದುಬಿಟ್ಟರೆ ಬರೆದವರಿಗೆ ದೊಡ್ಡ ಅನ್ಯಾಯವಾಗುತ್ತದೆ. ಅಲ್ಲದೆ ಅಂಥ ಚಿಹ್ನೆಗಳನ್ನು ಹುಡುಕಿ ಅಳಿಸಲು ಒಂದೇ ಒಂದು ಆಜ್ಞೆ ಸಾಕು. ಸಂಶೋಧಕರು ವಾಟರ್‌ಮಾರ್ಕ್ ಎಂದು ಕರೆಯುವುದು ಇದನ್ನಲ್ಲ. ಅವರ ಗುರುತು ಇರುವುದು ಪದಗಳ ಆಯ್ಕೆಯಲ್ಲಿ. ನಾಲ್ಕೈದು ಪದಗಳು ಸಮನಾಗಿ ಒಪ್ಪುವ ಜಾಗದಲ್ಲಿ ಯಾವ ಪದ ಬಂತು ಎಂಬುದೇ ಅಲ್ಲಿ ಸುಳಿವು.

ಭಾಷಾ ಮಾದರಿ ಒಂದು ಸಲಕ್ಕೆ ಒಂದು ತುಣುಕನ್ನು ಬರೆಯುತ್ತದೆ. ಈ ತುಣುಕಿಗೆ ಟೋಕನ್ ಎಂದು ಹೆಸರು. ಅದು ಇಡೀ ಪದವಾಗಿರಬಹುದು, ಪದದ ಚೂರಾಗಿರಬಹುದು. ಸದ್ಯಕ್ಕೆ ಒಂದು ಟೋಕನ್ ಎಂದರೆ ಒಂದು ಪದ ಎಂದೇ ಇಟ್ಟುಕೊಳ್ಳೋಣ. ‘ಮಳೆ ನಿಂತ ಮೇಲೆ ಅಂಗಳದಲ್ಲಿ’ ಎಂಬಲ್ಲಿಯವರೆಗೆ ಮಾದರಿ ಬರೆದಿದೆ. ಮುಂದೆ ಬರಬಹುದಾದ ಪ್ರತಿಯೊಂದು ಪದಕ್ಕೂ ಅದು ಒಂದು ಸಂಭವನೀಯತೆಯನ್ನು ಲೆಕ್ಕ ಹಾಕುತ್ತದೆ. ವಿವರಣೆಗಾಗಿ ನಾನೇ ಅಂಕಿಗಳನ್ನು ಕೊಡುತ್ತೇನೆ: ‘ನೀರು’ ಶೇ. 30, ‘ಮಕ್ಕಳು’ 25, ‘ಕೆಸರು’ 20, ‘ಕಪ್ಪೆಗಳು’ 15, ‘ಎಲೆಗಳು’ 10. ಯಾವಾಗಲೂ ಅತಿ ಹೆಚ್ಚು ಅಂಕಿಯ ಪದವನ್ನೇ ಎತ್ತಿಕೊಂಡರೆ ಬರಹ ಒಣಗಿಹೋಗುತ್ತದೆ. ಆದ್ದರಿಂದ ಮಾದರಿ ಈ ಅಂಕಿಗಳಿಗೆ ತಕ್ಕಂತೆ ದಾಳ ಉರುಳಿಸಿ ಒಂದು ಪದವನ್ನು ಆರಿಸುತ್ತದೆ. ವಾಟರ್‌ಮಾರ್ಕ್ ಹಾಕುವವರು ಕೈಯಿಡುವುದು ಈ ದಾಳದ ಮೇಲೆ. ಮಾದರಿಯ ಒಳಗಿನ ಲೆಕ್ಕವನ್ನು ಅವರು ಮುಟ್ಟುವುದೇ ಇಲ್ಲ.

2023ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾನ್ ಕಿರ್ಶೆನ್‌ಬೌರ್, ಟಾಮ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಪ್ರಕಟಿಸಿದ್ದು ಇಂಥ ವಿಧಾನಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು. ಉಳಿದವನ್ನು ಅರ್ಥ ಮಾಡಿಕೊಳ್ಳಲು ಇದೊಂದನ್ನು ಚೆನ್ನಾಗಿ ತಿಳಿದರೆ ಸಾಕು ಎಂದು ನನಗನಿಸುತ್ತದೆ. ಹೊಸ ಪದವನ್ನು ಆರಿಸುವ ಮುನ್ನ ಕಂಪ್ಯೂಟರ್ ಹಿಂದಿನ ಪದವನ್ನು, ಅಂದರೆ ‘ಅಂಗಳದಲ್ಲಿ’ ಎಂಬುದನ್ನು, ಒಂದು ಗುಪ್ತ ಕೀಲಿಯ ಜೊತೆ ಸೇರಿಸಿ ಹ್ಯಾಶ್ ಮಾಡುತ್ತದೆ. ಹ್ಯಾಶ್‌ನಿಂದ ಒಂದು ದೊಡ್ಡ ಸಂಖ್ಯೆ ಹೊರಬರುತ್ತದೆ. ಅದೇ ಪದ, ಅದೇ ಕೀಲಿ ಕೊಟ್ಟರೆ ಪ್ರತಿ ಸಲವೂ ಅದೇ ಸಂಖ್ಯೆ; ಕೀಲಿ ಗೊತ್ತಿಲ್ಲದವರಿಗೆ ಮಾತ್ರ ಅದು ಯಾವುದೆಂದು ಊಹಿಸಲಾಗದು. ಆ ಸಂಖ್ಯೆಯನ್ನು ಬೀಜವಾಗಿಟ್ಟುಕೊಂಡು ಮಾದರಿಯ ಶಬ್ದಭಂಡಾರದ ಹತ್ತಾರು ಸಾವಿರ ಟೋಕನ್‌ಗಳನ್ನೂ ಕಲಸಿ, ಅರ್ಧಕ್ಕೆ ಹಸಿರು ಬಣ್ಣ, ಉಳಿದರ್ಧಕ್ಕೆ ಕೆಂಪು ಬಣ್ಣ ಕೊಡಲಾಗುತ್ತದೆ. ಆಮೇಲೆ ಹಸಿರು ಪದಗಳಿಗೆಲ್ಲ ಸ್ವಲ್ಪ ಹೆಚ್ಚುವರಿ ಅಂಕ ಕೊಟ್ಟು ದಾಳ ಉರುಳಿಸುತ್ತಾರೆ.

ನಮ್ಮ ಅಂಗಳಕ್ಕೆ ಇದನ್ನು ಅನ್ವಯಿಸಿ ನೋಡೋಣ. ಈ ಸಲದ ವಿಂಗಡಣೆಯಲ್ಲಿ ‘ಮಕ್ಕಳು’ ಮತ್ತು ‘ಕೆಸರು’ ಹಸಿರಾದವು, ಉಳಿದ ಮೂರು ಕೆಂಪಾದವು ಎನ್ನೋಣ. ಸಾಮಾನ್ಯವಾಗಿ ಬಳಸುವ ಹೆಚ್ಚುವರಿ ಅಂಕದ ಪ್ರಮಾಣ 2. ಅದರ ಪರಿಣಾಮವಾಗಿ ಹಸಿರು ಪದಗಳ ತೂಕ ಸುಮಾರು 7.4 ಪಟ್ಟು ಏರುತ್ತದೆ. ಲೆಕ್ಕ ಮಾಡಿದರೆ ‘ಮಕ್ಕಳು’ ಶೇ. 25ರಿಂದ 48ಕ್ಕೆ, ‘ಕೆಸರು’ 20ರಿಂದ 38ಕ್ಕೆ ಏರುತ್ತವೆ. ‘ನೀರು’ 30ರಿಂದ ಸುಮಾರು 8ಕ್ಕೆ ಇಳಿಯುತ್ತದೆ. ಯಾವ ಪದ ಬಂದರೂ ವಾಕ್ಯ ಕೆಡುವುದಿಲ್ಲ. ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಹೆಜ್ಜೆಯಲ್ಲಿ ಹಿಂದಿನ ಪದ ಬದಲಾಗುವುದರಿಂದ ಬಣ್ಣಗಳೂ ಹೊಸದಾಗಿ ಹಂಚಿಕೆಯಾಗುತ್ತವೆ. ‘ಅಂಗಳದಲ್ಲಿ’ ಎಂಬುದರ ನಂತರ ಕೆಂಪಾಗಿದ್ದ ‘ನೀರು’, ‘ಬೀದಿಯಲ್ಲಿ’ ಎಂಬುದರ ನಂತರ ಹಸಿರಾಗಿರಬಹುದು. ಹೀಗಾಗಿ ಯಾವ ಪದವೂ ಒಟ್ಟಾರೆಯಾಗಿ ಹೆಚ್ಚು ಬಂದಂತೆ ಕಾಣಿಸುವುದಿಲ್ಲ.

ಪತ್ತೆ ಹಚ್ಚುವವರಿಗೆ ಮಾದರಿಯೇ ಬೇಕಾಗಿಲ್ಲ ಎಂಬುದು ಈ ವಿಧಾನದ ದೊಡ್ಡ ಗುಣ. ಕೀಲಿ ಇದ್ದರೆ, ಬರಹವನ್ನು ಮಾದರಿ ಮಾಡುವಂತೆಯೇ ತುಣುಕುಗಳಾಗಿ ಒಡೆಯಲು ಬಂದರೆ ಸಾಕು. ಪ್ರತಿ ಪದದ ಎದುರು ನಿಂತು, ಅದರ ಹಿಂದಿನ ಪದದಿಂದ ಬಣ್ಣಗಳನ್ನು ಮತ್ತೆ ಹಂಚಿ, ಇದು ಹಸಿರೋ ಕೆಂಪೋ ಎಂದು ಗುರುತು ಹಾಕಿಕೊಂಡು ಹೋಗುವುದು. ಕೊನೆಯಲ್ಲಿ ಹಸಿರನ್ನು ಎಣಿಸುವುದು. ಚೌಕಾಬಾರ ಆಡುವವರಿಗೆ ಈ ತರ್ಕ ಹೊಸದಲ್ಲ. ಕವಡೆ ಒಂದು ಕಡೆಗೆ ವಾಲುವಂತೆ ಯಾರೋ ತಿದ್ದಿದ್ದರೆ ಒಂದೆರಡು ಸಲದ ಗರದಿಂದ ಅದು ತಿಳಿಯುವುದಿಲ್ಲ. ಇಡೀ ಮಧ್ಯಾಹ್ನ ಲೆಕ್ಕ ಇಟ್ಟವರಿಗೆ ಮಾತ್ರ ತಿಳಿಯುತ್ತದೆ.

ಈ ಬಣ್ಣಗಳ ಅರಿವೇ ಇಲ್ಲದ ಮನುಷ್ಯ 200 ಪದ ಬರೆದರೆ ಸರಾಸರಿ 100 ಹಸಿರು ಬೀಳುತ್ತವೆ. ಆಕಸ್ಮಿಕದಿಂದ ಅದು ಆಚೀಚೆ ಏಳರಷ್ಟು ಓಲಾಡುವುದು ಸಹಜ. 107 ಬಂದರೆ ಏನೂ ಅರ್ಥವಿಲ್ಲ, 114 ಬಂದರೂ ಮಾತಾಡುವಂತಿಲ್ಲ. ಈ ಓಲಾಟದ ಎಷ್ಟು ಪಟ್ಟು ದೂರ ಬಂದಿದ್ದೇವೆ ಎಂಬುದನ್ನೇ z ಎಂಬ ಅಂಕಿ ಹೇಳುತ್ತದೆ. G ಎಂದರೆ ಹಸಿರು ಪದಗಳ ಸಂಖ್ಯೆ, T ಎಂದರೆ ಒಟ್ಟು ಪದಗಳು:

```
z = (G − T/2) / √(T/4)
```

ಮೇರಿಲ್ಯಾಂಡ್‌ನವರು z ಬೆಲೆ 4 ದಾಟಿದರೆ ಮಾತ್ರ ಗುರುತು ಇದೆ ಎಂದು ಹೇಳುವ ಮಿತಿ ಹಾಕಿಕೊಂಡರು. 200 ಪದಗಳಲ್ಲಿ 129 ಹಸಿರಾದರೆ ಆ ಗೆರೆ ದಾಟುತ್ತದೆ. ಮನುಷ್ಯರ ಬರಹ ಬರೀ ಆಕಸ್ಮಿಕದಿಂದ ಅಷ್ಟು ದೂರ ಬರುವುದು ಮೂವತ್ತು ಸಾವಿರಕ್ಕೆ ಒಂದು ಸಲ. ಗುರುತು ಹಾಕಿದ ಬರಹದಲ್ಲಿ ನೂರಕ್ಕೆ 70 ಹಸಿರು ಬಂದಿವೆ ಎಂದುಕೊಂಡರೆ, 200ಕ್ಕೆ 140 ಆಯಿತು, z 5.7ರ ಹತ್ತಿರ. ಸಂದೇಹಕ್ಕೆ ಜಾಗವಿಲ್ಲ. ಬರಹದ ಶೈಲಿ ಯಂತ್ರದ್ದರಂತೆ ಇದೆಯೋ ಇಲ್ಲವೋ ಎಂದು ಊಹಿಸುವ ಸಾಧನಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. 2023ರ ಜನವರಿಯಲ್ಲಿ ಓಪನ್‌ಎಐ ಬಿಟ್ಟ ಅಂಥ ಸಾಧನ ಯಂತ್ರದ ಬರಹಗಳಲ್ಲಿ ಶೇ. 26ನ್ನಷ್ಟೇ ಗುರುತಿಸುತ್ತಿತ್ತು, ಮನುಷ್ಯರ ಬರಹಗಳಲ್ಲಿ ಶೇ. 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳುತ್ತಿತ್ತು. ಆ ವರ್ಷದ ಜುಲೈನಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ವಾಟರ್‌ಮಾರ್ಕ್‌ನಲ್ಲಿ ತಪ್ಪು ಆರೋಪದ ಸಾಧ್ಯತೆ ಎಷ್ಟೆಂದು ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಬಹುದು. ನನ್ನ ಮಟ್ಟಿಗೆ ಇದರ ಬಗ್ಗೆ ಆಸಕ್ತಿ ವಹಿಸಲು ಅದೇ ಮುಖ್ಯ ಕಾರಣ.

ಆದರೂ ಆ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರತಿ ಪದವೂ ಹೊಸ ಗರ ಎಂದು ಸೂತ್ರ ಭಾವಿಸುತ್ತದೆ. ಒಂದು ಪಲ್ಲವಿ ಹತ್ತು ಸಲ ಮರುಕಳಿಸುವ ಹಾಡಿನಲ್ಲಿ, ಒಂದೇ ಶೀರ್ಷಿಕೆಯ ಸಾಲು ಪ್ರತಿ ಪುಟದಲ್ಲೂ ಬರುವ ಕಡತದಲ್ಲಿ ಅದು ನಿಜವಲ್ಲ. ಆ ಪಲ್ಲವಿಯಲ್ಲಿ ಅಕಸ್ಮಾತ್ತಾಗಿ ಹಸಿರು ಹೆಚ್ಚಿದ್ದರೆ ಅದೇ ಹಸಿರನ್ನು ಹತ್ತು ಸಲ ಎಣಿಸಿದಂತಾಗುತ್ತದೆ, ಪಾಪ ಮನುಷ್ಯ ಬರೆದ ಹಾಡು ಗೆರೆ ದಾಟಿಬಿಡುತ್ತದೆ. ಪಿಯೇರ್ ಫರ್ನಾಂಡೆಝ್ ಮತ್ತು ಸಂಗಡಿಗರು 2023ರಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ, ನಿಜವಾದ ತಪ್ಪು ಆರೋಪಗಳು ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಎಂದು ತೋರಿಸಿದರು. ಒಂದು ಪದಜೋಡಿಯನ್ನು ಒಂದೇ ಸಲ ಎಣಿಸಬೇಕು ಎಂಬುದು ಪರಿಹಾರದ ಮುಖ್ಯ ಭಾಗ. ಪತ್ತೆ ಸಾಧನವೊಂದನ್ನು ನಂಬುವ ಮೊದಲು ಅದು ಹೀಗೆ ಎಣಿಸುತ್ತದೆಯೇ ಎಂದು ಕೇಳಬೇಕು.

ಹಸಿರು-ಕೆಂಪು ವಿಧಾನದ ಇನ್ನೊಂದು ಕೊರತೆಯನ್ನು ಮೇಲಿನ ಅಂಕಿಗಳಲ್ಲೇ ನೀವು ಗಮನಿಸಿರಬಹುದು: ‘ನೀರು’ 30ರಿಂದ 8ಕ್ಕೆ ಇಳಿಯಿತು. ಮಾದರಿ ಹೇಳಬೇಕೆಂದಿದ್ದದ್ದು ಸ್ವಲ್ಪ ಬದಲಾಯಿತು. ಕಂಪನಿಗಳಿಗೆ ಇದು ಇಷ್ಟವಾಗುವುದಿಲ್ಲ. ಇದನ್ನು ತಪ್ಪಿಸುವ ಉಪಾಯವನ್ನು ಆಗ ಓಪನ್‌ಎಐನಲ್ಲಿ ಕೆಲಸ ಮಾಡುತ್ತಿದ್ದ ಸ್ಕಾಟ್ ಆರನ್ಸನ್ 2022ರಲ್ಲೇ ವಿವರಿಸಿದ್ದರು. ಅದೇ ದಿಕ್ಕಿನಲ್ಲಿ ನಡೆದ ಗೂಗಲ್ ಡೀಪ್‌ಮೈಂಡ್‌ನ ಸಿಂಥ್‌ಐಡಿ 2024ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಪದಗಳ ನಡುವೆ ಪಂದ್ಯಾವಳಿ ನಡೆಯುತ್ತದೆ. ಮಾದರಿಯ ಸ್ವಂತ ಸಂಭವನೀಯತೆಗೆ ಅನುಗುಣವಾಗಿ ಎಂಟು ಸಲ ದಾಳ ಉರುಳಿಸಿ ಎಂಟು ಸ್ಪರ್ಧಿಗಳನ್ನು ಆರಿಸಿದೆವು ಎನ್ನಿ. ಒಂದೇ ಪದ ಎರಡು-ಮೂರು ಸಲ ಬಂದಿರಲೂಬಹುದು. ಹಿಂದಿನ ನಾಲ್ಕು ಪದಗಳು ಮತ್ತು ಗುಪ್ತ ಕೀಲಿ ಸೇರಿ ಪ್ರತಿ ಸ್ಪರ್ಧಿಗೂ ಆ ಸುತ್ತಿಗೆ 0 ಅಥವಾ 1 ಅಂಕ ಕೊಡುತ್ತವೆ. ಜೋಡಿಯಲ್ಲಿ 1 ಇರುವವರು ಗೆಲ್ಲುತ್ತಾರೆ, ಸಮನಾದರೆ ನಾಣ್ಯ ಚಿಮ್ಮುವುದು. ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಕೊನೆಗೆ ಉಳಿದ ಪದ ಪುಟಕ್ಕೆ ಹೋಗುತ್ತದೆ. ‘ನೀರು’ ಹೆಚ್ಚು ಸಂಭವನೀಯವಾಗಿದ್ದರೆ ಸ್ಪರ್ಧಿಗಳಲ್ಲಿ ಅದರ ಪ್ರತಿಗಳೇ ಹೆಚ್ಚಿರುತ್ತವೆ. ಎಲ್ಲ ಕೀಲಿಗಳ ಮೇಲೆ ಸರಾಸರಿ ನೋಡಿದರೆ ಅದರ ಪಾಲು ಕಡಿಮೆಯಾಗುವುದಿಲ್ಲ. ಆದರೂ ಗೆದ್ದು ಬಂದ ಪದಗಳಲ್ಲಿ 1ಗಳು ಮಾಮೂಲಿಗಿಂತ ಹೆಚ್ಚಿರುತ್ತವೆ, ಕೀಲಿ ಇರುವವರು ಅದನ್ನು ಎಣಿಸುತ್ತಾರೆ. ನಿಜವಾದ ವ್ಯವಸ್ಥೆಯಲ್ಲಿ ಇಂಥ ಮೂವತ್ತು ಸುತ್ತುಗಳಿರುತ್ತವೆ, ಸ್ಪರ್ಧಿಗಳನ್ನು ಒಬ್ಬೊಬ್ಬರನ್ನಾಗಿ ಆಡಿಸದೆ ಗಣಿತದಿಂದಲೇ ಫಲಿತಾಂಶ ತೆಗೆಯುತ್ತಾರೆ. ಜೆಮಿನಿಯ ಸುಮಾರು ಎರಡು ಕೋಟಿ ಉತ್ತರಗಳನ್ನು ಗುರುತಿನೊಂದಿಗೂ ಗುರುತಿಲ್ಲದೆಯೂ ಬಳಕೆದಾರರಿಗೆ ಕೊಟ್ಟು ನೋಡಿದಾಗ ಅವರ ಮೆಚ್ಚುಗೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹೀಗೆ ಗುರುತನ್ನು ಹಾಕುವ ಕೆಲಸ ಬಹುಮಟ್ಟಿಗೆ ಗೆದ್ದಿದೆ. ಸೋಲುಗಳು ಬೇರೆ ಕಡೆ ಇವೆ. ಅವುಗಳ ಮೂಲ ಒಂದೇ: ಗುರುತಿಗೆ ಇರುವ ಏಕೈಕ ಜಾಗ ಆಯ್ಕೆ. ಆಯ್ಕೆಯೇ ಇಲ್ಲದ ಕಡೆ ಅದು ಹುಟ್ಟುವುದಿಲ್ಲ, ಮತ್ತೊಬ್ಬರು ಮತ್ತೆ ಆಯ್ಕೆ ಮಾಡಿದ ಕಡೆ ಉಳಿಯುವುದಿಲ್ಲ.

ಮೊದಲಿನದನ್ನು ನೋಡೋಣ. ‘ಕರ್ನಾಟಕದ ರಾಜಧಾನಿ’ ಎಂದ ಮೇಲೆ ‘ಬೆಂಗಳೂರು’ ಎಂಬ ಪದಕ್ಕೆ ಮಾದರಿ ಶೇ. 99 ಕೊಡುತ್ತದೆ ಎನ್ನಿ. ಈ ಸಲ ‘ಬೆಂಗಳೂರು’ ಕೆಂಪಾಗಿದೆ. ಉಳಿದೆಲ್ಲ ಪದಗಳೂ ಹಸಿರಾಗಿ, ಎಲ್ಲಕ್ಕೂ 7.4 ಪಟ್ಟು ತೂಕ ಸಿಕ್ಕರೂ ಅವುಗಳ ಒಟ್ಟು ಪಾಲು ಶೇ. 1ರಿಂದ 7ರ ಹತ್ತಿರಕ್ಕೆ ಬರುತ್ತದೆ ಅಷ್ಟೆ. ನೂರರಲ್ಲಿ 93 ಸಲ ‘ಬೆಂಗಳೂರು’ ಎಂದೇ ಬರುತ್ತದೆ. ಬರಲೇಬೇಕು, ಇಲ್ಲವಾದರೆ ಗುರುತಿಗಾಗಿ ಸುಳ್ಳು ಬರೆದಂತಾಗುತ್ತದೆ. ಅಂದರೆ ಆ ಜಾಗದಲ್ಲಿ ಬಣ್ಣಕ್ಕೆ ಬೆಲೆಯಿಲ್ಲ. ಇಸವಿ, ಹೆಸರು, ಕಾನೂನಿನ ಕಲಮು, ಗಣಿತದ ಸಾಧನೆ, ಪ್ರೋಗ್ರಾಮ್‌ನ ಕೋಡ್ ಎಲ್ಲವೂ ಇದೇ ಬಗೆಯವು. ಕತೆಯೊಂದರಲ್ಲಿ ಸುಲಭವಾಗಿ ಸಿಗುವ ಗುರುತು, ಅಷ್ಟೇ ಉದ್ದದ ಸಾಮಾನ್ಯ ಜ್ಞಾನದ ಉತ್ತರದಲ್ಲಿ ಸಿಗದೆ ಹೋಗುತ್ತದೆ. ಸಿಂಥ್‌ಐಡಿ ತಂಡವೂ ತಮ್ಮ ಗುರುತು ವಾಸ್ತವಾಂಶಗಳ ಉತ್ತರಗಳಲ್ಲಿ ಕ್ಷೀಣ ಎಂದು ತಾವೇ ಹೇಳಿದ್ದಾರೆ.

ಕನ್ನಡಕ್ಕೆ ಈ ತೊಂದರೆ ಇನ್ನೊಂದು ಬಾಗಿಲಿನಿಂದಲೂ ಒಳಬರುತ್ತದೆ. ಒಂದು ಟೋಕನ್ ಎಂದರೆ ಒಂದು ಪದ ಎಂದು ಇಟ್ಟುಕೊಂಡಿದ್ದೆವಲ್ಲ, ಅದನ್ನು ಈಗ ಬಿಡಬೇಕು. ಪ್ರಧಾನವಾಗಿ ಇಂಗ್ಲಿಷ್ ಪಠ್ಯದಿಂದ ಕಟ್ಟಿದ ಹಳೆಯ ಟೋಕನ್ ಪಟ್ಟಿಗಳಲ್ಲಿ ಕನ್ನಡದ ಪದಗಳಿರಲಿ, ಅಕ್ಷರಗಳೂ ಪೂರ್ತಿಯಾಗಿ ಸಿಗುವುದು ಕಷ್ಟ. ಬರಹ ಬೈಟ್‌ಗಳ ಮಟ್ಟಕ್ಕೆ ಒಡೆದುಹೋಗುತ್ತದೆ. ಯುಟಿಎಫ್-8 ವ್ಯವಸ್ಥೆಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ನೀರು’ ಎಂಬ ಪುಟ್ಟ ಪದದಲ್ಲಿ ನ, ದೀರ್ಘ ಈ ಗುಣಿತ, ರ, ಉ ಗುಣಿತ ಎಂದು ನಾಲ್ಕು ಚಿಹ್ನೆಗಳಿವೆ:

```
E0 B2 A8   E0 B3 80   E0 B2 B0   E0 B3 81
```

ಪ್ರತಿ ಗುಂಪಿನ ಮೊದಲ ಬೈಟ್ ಯಾವಾಗಲೂ `E0`. ಎರಡನೆಯದು `B2` ಅಥವಾ `B3`, ಮೂರನೆಯ ಆಯ್ಕೆಯೇ ಇಲ್ಲ. ಹನ್ನೆರಡು ಬೈಟ್‌ಗಳಲ್ಲಿ ಸುಮಾರು ಎಂಟರಲ್ಲಿ ಮಾದರಿಗೆ ಆರಿಸಲು ಹೆಚ್ಚೇನೂ ಉಳಿದಿಲ್ಲ. ಆದರೆ ಪತ್ತೆ ಸಾಧನ ಅವುಗಳಿಗೂ ಬಣ್ಣ ನೋಡಿ ಎಣಿಸುತ್ತದೆ, ಅವು ಅರ್ಧ ಹಸಿರು ಅರ್ಧ ಕೆಂಪಾಗಿ ಬಿದ್ದು ಬರೀ ಗದ್ದಲ ಸೇರಿಸುತ್ತವೆ. ಹಿಂದಿನ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ. ನಿಜವಾದ ಆಯ್ಕೆ ಇದ್ದ 200 ಜಾಗಗಳಲ್ಲಿ 140 ಹಸಿರು. ಜೊತೆಗೆ ಆಯ್ಕೆಯಿಲ್ಲದ 400 ಜಾಗಗಳಲ್ಲಿ 200 ಹಸಿರು. ಒಟ್ಟು 600ಕ್ಕೆ 340. z ಈಗ 3.3ಕ್ಕೆ ಇಳಿದು, ದಾಟಿದ್ದ ಗೆರೆಯ ಕೆಳಗೆ ಬಿತ್ತು. ಗುರುತು ಹಾಕಿದವರು ಮಾಡಿದ್ದು ಅಷ್ಟೇ ಕೆಲಸ, ಲಿಪಿ ಮಾತ್ರ ಬೇರೆ.

ಹೊಸ ಮಾದರಿಗಳ ಟೋಕನ್ ಪಟ್ಟಿಗಳಲ್ಲಿ ಕನ್ನಡದ ತುಣುಕುಗಳು ಹೆಚ್ಚಿವೆ, ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ಆಯ್ಕೆಯಿಲ್ಲದ ಜಾಗಗಳನ್ನು ಎಣಿಕೆಯಿಂದಲೇ ಬಿಡುವುದೂ ಸಾಧ್ಯ. ಪ್ರೋಗ್ರಾಮ್ ಕೋಡ್‌ಗಾಗಿ 2023ರಲ್ಲಿ ರೂಪಿಸಿದ ‘ಸ್ವೀಟ್’ ಎಂಬ ವಿಧಾನ ಹಾಗೆಯೇ ಮಾಡುತ್ತದೆ. ಆದರೆ ಎಲ್ಲಿ ಆಯ್ಕೆ ಇತ್ತು ಎಂದು ತಿಳಿಯಲು ಪತ್ತೆ ಮಾಡುವವರ ಬಳಿಯೂ ಮಾದರಿ ಇರಬೇಕಾಗುತ್ತದೆ. ಕೀಲಿಯೊಂದೇ ಸಾಕು ಎಂಬ ಸೊಗಸು ಅಲ್ಲಿಗೆ ಹೋಯಿತು.

ಇನ್ನು ಎರಡನೆಯದು, ಮತ್ತೊಬ್ಬರ ಕೈ ಆಡುವುದು. ಯಾರೋ ಗುರುತಿರುವ 200 ಪದಗಳ ಬರಹವನ್ನು ಪಡೆದು, ಹತ್ತಕ್ಕೊಂದರಂತೆ ಅಲ್ಲಲ್ಲಿ ಇಪ್ಪತ್ತು ಪದಗಳನ್ನು ಬದಲಿಸಿದರು. ಒಂದು ಪದ ಬದಲಾದರೆ ಅದರ ಬಣ್ಣ ಮಾತ್ರವಲ್ಲ, ಅದರ ಮುಂದಿನ ಪದದ ಬಣ್ಣವೂ ಕೆಡುತ್ತದೆ, ಏಕೆಂದರೆ ಮುಂದಿನದರ ಬಣ್ಣ ಹಿಂದಿನ ಪದವನ್ನು ಅವಲಂಬಿಸಿದೆ. ಹಾಗಾಗಿ 40 ಜಾಗಗಳು ಮಾಮೂಲು ಅರ್ಧಕ್ಕರ್ಧಕ್ಕೆ ಮರಳಿದವು. ಉಳಿದ 160ರಲ್ಲಿ 112 ಹಸಿರು, ಈ 40ರಲ್ಲಿ 20. ಒಟ್ಟು 132, z 4.5. ಗುರುತು ಇನ್ನೂ ಸಿಗುತ್ತದೆ. ಐದಕ್ಕೊಂದು ಪದ ಬದಲಿಸಿದರೆ ಹಸಿರು 124ಕ್ಕೆ, z 3.4ಕ್ಕೆ ಇಳಿದು ಗುರುತು ತಪ್ಪಿಸಿಕೊಳ್ಳುತ್ತದೆ. ಆದರೆ ಬರಹ 800 ಪದಗಳದ್ದಾಗಿದ್ದರೆ ಅದೇ ಪ್ರಮಾಣದ ತಿದ್ದುಪಡಿಯ ನಂತರವೂ z 6.8ರ ಹತ್ತಿರ ನಿಲ್ಲುತ್ತದೆ. ಉದ್ದ ಹೆಚ್ಚಿದಂತೆ ಓಲಾಟಕ್ಕಿಂತ ಗುರುತು ಬೇಗ ಬೆಳೆಯುತ್ತದೆ. ಮೇರಿಲ್ಯಾಂಡ್ ತಂಡ 2023ರಲ್ಲೇ ಮನುಷ್ಯರ ಕೈಯಲ್ಲಿ ಗುರುತಿರುವ ಬರಹಗಳನ್ನು ತಿರುಗಿ ಬರೆಸಿ ನೋಡಿತು. ಸರಾಸರಿ 800 ಟೋಕನ್‌ಗಳಷ್ಟು ಓದಿದ ಮೇಲೆ, ಲಕ್ಷಕ್ಕೊಂದು ತಪ್ಪು ಆರೋಪದ ಮಿತಿಯಲ್ಲೂ ಗುರುತು ಸಿಕ್ಕಿತು. ಮನುಷ್ಯರು ತಿದ್ದುವಾಗ ಮೂಲದ ಎರಡು-ಮೂರು ಪದಗಳ ಜೋಡಣೆಗಳನ್ನು ಬಹಳಷ್ಟು ಹಾಗೆಯೇ ಉಳಿಸಿಬಿಡುತ್ತಾರೆ. ಒಂದು ಪ್ಯಾರಾ ಉತ್ತರದ ಬಗ್ಗೆ ತೀರ್ಪು ಕೊಡಲು ಹಿಂಜರಿಯಬೇಕಾದ ಸಾಧನ, ದೀರ್ಘ ಪ್ರಬಂಧದ ಬಗ್ಗೆ ಧೈರ್ಯವಾಗಿ ಮಾತಾಡಬಲ್ಲದು.

ಬಣ್ಣ ನಿರ್ಧರಿಸಲು ಒಂದು ಪದದ ಬದಲು ಹಿಂದಿನ ನಾಲ್ಕು ಪದಗಳನ್ನು ನೋಡಿದರೆ ಏನಾಗುತ್ತದೆ? ಆಗ ಒಂದು ಪದ ಬದಲಾದರೆ ಐದು ಜಾಗಗಳು ಕೆಡುತ್ತವೆ. ಅದೇ ಇಪ್ಪತ್ತು ತಿದ್ದುಪಡಿಗೆ 100 ಜಾಗಗಳು ಹೋಗಿ z 2.8ಕ್ಕೆ ಕುಸಿಯುತ್ತದೆ. ಹಾಗಾದರೆ ಒಂದೇ ಪದ ನೋಡುವುದು ಒಳ್ಳೆಯದಲ್ಲವೇ ಎನಿಸುತ್ತದೆ. ಅದಕ್ಕೆ ಅದರದೇ ಅಪಾಯವಿದೆ. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ನಿಕೋಲಾ ಯೊವಾನೊವಿಚ್ ಮತ್ತು ಸಂಗಡಿಗರು 2024ರಲ್ಲಿ ಅದನ್ನು ತೋರಿಸಿದರು. ಗುರುತು ಹಾಕುವ ಮಾದರಿಗೆ ಸಾವಿರಾರು ಪ್ರಶ್ನೆ ಕೇಳಿ, ಯಾವ ಪದದ ನಂತರ ಯಾವ ಪದ ಮಾಮೂಲಿಗಿಂತ ಹೆಚ್ಚು ಬರುತ್ತದೆ ಎಂದು ಎಣಿಸುತ್ತಾ ಹೋದರೆ ಹಸಿರು ಪಟ್ಟಿಯ ಅಂದಾಜು ಕೈಗೆ ಬರುತ್ತದೆ. ನೋಡುವ ಪದಗಳು ಕಡಿಮೆ ಇದ್ದಷ್ಟೂ ಈ ಎಣಿಕೆ ಸುಲಭ. ಐವತ್ತು ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ ಅವರು ಗುರುತನ್ನು ಅಳಿಸುವುದನ್ನೂ, ಅದಕ್ಕಿಂತ ಕೆಟ್ಟದ್ದಾದ ಖೋಟಾ ಗುರುತು ಹಾಕುವುದನ್ನೂ ಸಾಧಿಸಿದರು. ಅಳಿಸುವ ದಾಳಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಖೋಟಾ ಗುರುತಿನ ಬಗ್ಗೆ ಸಾಕಷ್ಟು ಮಾತು ನಡೆಯುತ್ತಿಲ್ಲ ಎಂಬುದು ನನ್ನ ಕಳವಳ. ಯಾರೋ ಬರೆದ ದ್ವೇಷದ ಸಾಲುಗಳಿಗೆ ಇನ್ನೊಂದು ಕಂಪನಿಯ ಗುರುತನ್ನು ಅಂಟಿಸಬಹುದು. ಹಸಿರು ಪಟ್ಟಿಯ ಅಂದಾಜು ಇಲ್ಲದೆಯೂ ಇಂಥದನ್ನು ಮಾಡಬಹುದು: ಗುರುತಿರುವ ಆರೋಗ್ಯ ಸಲಹೆಯೊಂದರಲ್ಲಿ ‘ಕೊಡಬೇಡಿ’ ಎಂಬುದನ್ನು ‘ಕೊಡಿ’ ಎಂದು ತಿದ್ದಿದರೆ ಉಳಿದ ನೂರಾರು ಹಸಿರು ಪದಗಳು ಹಾಗೇ ಇರುತ್ತವೆ. ಪತ್ತೆ ಸಾಧನ ಅದನ್ನು ಆ ಮಾದರಿಯದ್ದೇ ಮಾತು ಎನ್ನುತ್ತದೆ. ಸಣ್ಣ ತಿದ್ದುಪಡಿಗಳನ್ನು ತಾಳಿಕೊಳ್ಳಬೇಕೆಂದು ಕಷ್ಟಪಟ್ಟು ಕಟ್ಟಿದ ಶಕ್ತಿಯೇ ಇಲ್ಲಿ ಮೋಸಕ್ಕೆ ಒದಗುತ್ತದೆ.

ಅಳಿಸುವ ದಾಳಿಗಳಲ್ಲಿ ಅತ್ಯಂತ ಸರಳವಾದದ್ದನ್ನು ಮೇರಿಲ್ಯಾಂಡ್‌ನವರು ತಮ್ಮ ಮೊದಲ ಪ್ರಬಂಧದಲ್ಲೇ ಎತ್ತಿಕೊಂಡಿದ್ದರು. ಪ್ರತಿ ಪದದ ನಂತರ ಒಂದು ಎಮೋಜಿ ಹಾಕಿ ಬರೆ ಎಂದು ಮಾದರಿಗೆ ಹೇಳುವುದು, ಆಮೇಲೆ ಎಮೋಜಿಗಳನ್ನೆಲ್ಲ ಅಳಿಸುವುದು. ಬರೆಯುವಾಗ ಪ್ರತಿ ಪದದ ಹಿಂದೆ ಇದ್ದದ್ದು ಎಮೋಜಿ. ಬಣ್ಣ ಹಂಚಿಕೆಯಾದದ್ದು ಅದರಿಂದ. ಅಳಿಸಿದ ಮೇಲೆ ಪತ್ತೆ ಸಾಧನ ನೋಡುವುದು ಬೇರೆಯೇ ಹಿಂದಿನ ಪದವನ್ನು. ಒಂದು ಪದವನ್ನೂ ಬದಲಿಸದೆ ಎಲ್ಲ ಬಣ್ಣಗಳೂ ಕಲಸಿಹೋದವು. 2024ರ ಆಗಸ್ಟ್‌ನಲ್ಲಿ ಓಪನ್‌ಎಐ ತನ್ನ ಬಳಿ ಬರಹದ ವಾಟರ್‌ಮಾರ್ಕ್ ಇದ್ದರೂ ಹೊರಬಿಡಲು ಹಿಂಜರಿಯುತ್ತಿರುವುದೇಕೆ ಎಂದು ವಿವರಿಸಿದಾಗ, ಇಂಥ ತಂತ್ರವನ್ನೂ, ಇನ್ನೊಂದು ಮಾದರಿಯಿಂದ ಮರುಬರೆಸುವುದನ್ನೂ, ಅನುವಾದವನ್ನೂ ಹೆಸರಿಸಿತು.

ಮರುಬರೆಯುವ ದಾಳಿಗೆ ತಾತ್ವಿಕವಾಗಿಯೇ ಮದ್ದಿಲ್ಲ ಎಂಬ ವಾದವೂ ಇದೆ. ಹಾರ್ವರ್ಡ್‌ನ ಬೋವಾಝ್ ಬರಾಕ್ ಮತ್ತು ಸಹಲೇಖಕರ 2023ರ ಪ್ರಬಂಧ ಅದನ್ನು ಮುಂದಿಡುತ್ತದೆ. ದಾಳಿಕೋರರ ಬಳಿ ಎರಡೇ ಸಾಮರ್ಥ್ಯ ಇದ್ದರೆ ಸಾಕು: ಬರಹದ ಒಂದು ಚೂರನ್ನು ಬೇರೆ ರೀತಿ ಬರೆಯುವುದು, ಹೊಸ ರೂಪ ಹಳೆಯದರಷ್ಟೇ ಚೆನ್ನಾಗಿದೆಯೇ ಎಂದು ತೂಗಿ ನೋಡುವುದು. ಚೆನ್ನಾಗಿಲ್ಲದ ಬದಲಾವಣೆಗಳನ್ನು ಬಿಟ್ಟು ಚೆನ್ನಾಗಿರುವುದನ್ನು ಉಳಿಸಿಕೊಳ್ಳುತ್ತಾ ನೂರಾರು ಹೆಜ್ಜೆ ನಡೆದರೆ, ಅದೇ ಪ್ರಶ್ನೆಗೆ ಸಾಧ್ಯವಿರುವ ಒಳ್ಳೆಯ ಉತ್ತರಗಳ ನಡುವೆ ಗುರಿಯಿಲ್ಲದೆ ಅಲೆದಂತಾಗುತ್ತದೆ. ಒಳ್ಳೆಯ ಉತ್ತರಗಳಲ್ಲಿ ಬಹುಪಾಲಕ್ಕೆ ಗುರುತಿಲ್ಲ, ಇದ್ದಿದ್ದರೆ ಮನುಷ್ಯರ ಬರಹಗಳಲ್ಲೂ ಗುರುತು ಸಿಗಬೇಕಾಗಿತ್ತು. ಆದ್ದರಿಂದ ಅಲೆದಾಟ ಕೊನೆಗೆ ಗುರುತಿಲ್ಲದ ಉತ್ತರದಲ್ಲಿ ನಿಲ್ಲುತ್ತದೆ. ಇದಕ್ಕೆ ಕೀಲಿ ಬೇಡ, ಗುರುತು ಹಾಕಿದ ವಿಧಾನ ಯಾವುದೆಂದು ಗೊತ್ತಿರಬೇಕಾಗಿಯೂ ಇಲ್ಲ. ಸಮಯ ಹಿಡಿಯುತ್ತದೆ ಎಂಬುದೊಂದೇ ತಡೆ.

ಅನುವಾದಕ್ಕೆ ಅಷ್ಟು ಸಮಯವೂ ಬೇಡ. ಇಂಗ್ಲಿಷಿನಲ್ಲಿ ಗುರುತಿನೊಂದಿಗೆ ಬರೆಸಿದ ಲೇಖನವನ್ನು ಬೇರೊಂದು ಅನುವಾದ ಯಂತ್ರದಿಂದ ಕನ್ನಡಕ್ಕೆ ತಂದರೆ ಮೂಲದ ಟೋಕನ್‌ಗಳು ಬಹುತೇಕ ಉಳಿದಿರುವುದಿಲ್ಲ. ಕೀಲಿ ಹಿಡಿದು ಎಣಿಸಿದರೆ ನೂರಕ್ಕೆ ಐವತ್ತರ ಸುತ್ತ ಹಸಿರು. ಮನುಷ್ಯರು ಬರೆದಾಗ ಬರುವ ಅಂಕಿಯೂ ಅದೇ. ಇದನ್ನು ಎದುರಿಸಲು 2024ರಲ್ಲಿ ‘ಎಕ್ಸ್-ಸರ್’ ಎಂಬ ವಿಧಾನವೊಂದು ಬಂತು. ಬೇರೆ ಬೇರೆ ಭಾಷೆಗಳಲ್ಲಿ ಒಂದೇ ಅರ್ಥವಿರುವ ಪದಗಳನ್ನು ನಿಘಂಟಿನ ನೆರವಿನಿಂದ ಒಂದು ಗುಂಪಾಗಿಸಿ, ಇಡೀ ಗುಂಪಿಗೆ ಒಂದೇ ಬಣ್ಣ ಕೊಡುವುದು ಅದರ ಉಪಾಯ. ಬಣ್ಣ ನಿರ್ಧಾರವಾಗುವುದೂ ಹಿಂದಿನ ಪದದಿಂದಲ್ಲ, ಹಿಂದಿನ ಮಾತುಗಳ ಒಟ್ಟು ಅರ್ಥದಿಂದ. ಇಂಗ್ಲಿಷ್, ಜರ್ಮನ್, ಫ್ರೆಂಚ್, ಚೀನೀ, ಜಪಾನಿ ಭಾಷೆಗಳಲ್ಲಿ ಅದನ್ನು ಪರೀಕ್ಷಿಸಿದ್ದಾರೆ. ನಿಘಂಟಿನಲ್ಲಿ ಇಡಿಯಾಗಿ ಸಿಗುವ ಪದಗಳಿಗೆ ಮಾತ್ರ ಈ ಉಪಾಯ ನಡೆಯುತ್ತದೆ. ಕನ್ನಡದಲ್ಲಿ ‘ಮನೆ’ ನಿಘಂಟಿನಲ್ಲಿದೆ, ‘ಮನೆಯಲ್ಲಿದ್ದವರಿಗೂ’ ಇಲ್ಲ. ಇಂಗ್ಲಿಷಿನ ಐದಾರು ಪದಗಳ ಕೆಲಸವನ್ನು ವಿಭಕ್ತಿ, ಕೃದಂತ, ಅವ್ಯಯಗಳಿಂದ ಒಂದೇ ಪದಕ್ಕೆ ಕಟ್ಟುವ ಭಾಷೆಗೆ ಅಂಥ ಗುಂಪುಗಳನ್ನು ಮಾಡಬೇಕಾದರೆ ಮೊದಲು ಪದವನ್ನು ಪ್ರಕೃತಿ ಮತ್ತು ಪ್ರತ್ಯಯಗಳಾಗಿ ಸರಿಯಾಗಿ ಬಿಡಿಸಬೇಕು, ಆ ಬಿಡಿಸುವಿಕೆ ಬರೆಯುವ ಮಾದರಿಯ ಟೋಕನ್‌ಗಳಿಗೂ ಹೊಂದಬೇಕು. ಈಗಿನ ಟೋಕನ್ ಪಟ್ಟಿಗಳು ಪದಗಳನ್ನು ಒಡೆಯುವುದು ಎಷ್ಟು ಸಲ ಜೊತೆಯಾಗಿ ಬಂದಿವೆ ಎಂಬ ಎಣಿಕೆಯಿಂದ, ವ್ಯಾಕರಣದಿಂದಲ್ಲ. ‘ಮನೆಯಲ್ಲಿ’ ಎಂಬುದನ್ನು ಅವು ‘ಮನ’ ಮತ್ತು ‘ೆಯಲ್ಲಿ’ ಎಂದು ತುಂಡರಿಸಿದರೆ ‘ಮನೆ’ಯ ಬಣ್ಣವನ್ನು ಆ ಎರಡರಲ್ಲಿ ಯಾವುದಕ್ಕೆ ಕೊಡಬೇಕು ಎಂಬುದನ್ನು ನಿಘಂಟು ಹೇಳಲಾರದು.